ಕತ್ತಿಯಿಂದ ಪೂಜೆಯವರೆಗೆ: ಮೈಸೂರಿನ 120 ವರ್ಷ

ಮೈಸೂರಿನ ಚರಿತ್ರೆಯಲ್ಲಿ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಸವಿಗಳಲ್ಲೇ. ನಾಲ್ಕು ಯುದ್ಧ, ಮೂರು ಒಪ್ಪಂದ, ಎಲ್ಲವೂ ಒತ್ತೊತ್ತಾಗಿ ಬರುತ್ತವೆ. ಇದಕ್ಕೆ ನಮ್ಮ ಹಳೆಯ ಜ್ಯೋತಿಷಿಗಳ ಕಟಪಯಾದಿ ಪದ್ಧತಿ ಚೆನ್ನಾಗಿ ಒದಗುತ್ತದೆ.

ಅದರ ಲೆಕ್ಕ ಸುಲಭ. ಕ-ದಿಂದ ಝ-ವರೆಗೆ 1ರಿಂದ 9. ಟ-ದಿಂದ ಧ-ವರೆಗೆ ಮತ್ತೆ 1ರಿಂದ 9. ಪ-ದಿಂದ ಮ-ವರೆಗೆ 1ರಿಂದ 5. ಯ-ದಿಂದ ಹ-ವರೆಗೆ 1ರಿಂದ 8. ಞ, ನ ಸೊನ್ನೆ. ಗುಣಿತಕ್ಕೂ ಅನುಸ್ವಾರಕ್ಕೂ ಬೆಲೆಯಿಲ್ಲ, ಒತ್ತಕ್ಷರದಲ್ಲಿ ಕೊನೆಯ ವ್ಯಂಜನವನ್ನಷ್ಟೇ ಎಣಿಸಬೇಕು. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಶತಮಾನ ಹೇಗೂ ನೆನಪಿರುತ್ತದೆ, ಕೊನೆಯ ಎರಡು ಅಂಕಿಗೆ ಒಂದು ಪದ ಸಾಕು.

ಕುದುರೆ ಸವಾರನಾಗಿ ಸೈನ್ಯ ಸೇರಿದ ಹೈದರಾಲಿ ಮೈಸೂರಿನ ಅಧಿಕಾರ ಹಿಡಿದದ್ದು 1761ರಲ್ಲಿ. ಪದ: ಕತ್ತಿ. ಕ 1, ತ 6, ತಿರುಗಿಸಿದರೆ 61. ಎಂಟು ವರ್ಷದ ಬಳಿಕ ಅವನ ಕುದುರೆ ದಂಡು ಮದ್ರಾಸಿನ ಬಾಗಿಲಿಗೇ ಬಂದಾಗ ಇಂಗ್ಲಿಷರು ಧೃತಿಗೆಟ್ಟು ಒಪ್ಪಂದಕ್ಕೆ ಬಂದರು. ಧೃತಿ ಎಂದರೆ 69.

1792 ಇಲ್ಲಿನ ನಿಜವಾದ ತಿರುವು. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಭಾರೀ ಮೊತ್ತದ ಪರಿಹಾರಕ್ಕೆ ಒಪ್ಪಿದ, ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸನ ಕೈಗೆ ಒತ್ತೆಯಿಟ್ಟ. ಹೆತ್ತವರಿಂದ ದೂರವಾದ ಮಗುವನ್ನು ಸಾಕಿದವಳು ಕರ್ಣನ ತಾಯಿ ರಾಧೆ. ರ 2, ಧ 9. ಅರ್ಧ ರಾಜ್ಯ ಹೋಯಿತೆಂದು ‘ಅರ್ಧ’ ಪದವನ್ನೇ ಇಟ್ಟುಕೊಂಡರೆ ಮೋಸ ಹೋಗುತ್ತೀರಿ: ಮೊದಲಿನ ಸ್ವರ ಸೊನ್ನೆಯಾಗಿ 90 ಬರುತ್ತದೆ. ಅದು ಆ ಯುದ್ಧ ಶುರುವಾದ ವರ್ಷ!

ಉಳಿದರ್ಧ ರಾಜ್ಯ ಏಳು ವರ್ಷ ತಾಳಿತು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಪದ: ಝಂಝಾ, ಬಿರುಗಾಳಿ.

ಆಮೇಲೆ ಪಟ್ಟ ಸಿಕ್ಕಿದ್ದು ಒಡೆಯರ ಮನೆಯ ಬಾಲಕ ಕೃಷ್ಣರಾಜರಿಗೆ. ಮಲೆನಾಡಿನ ನಗರ ಸೀಮೆಯ ರೈತರು ಕಂದಾಯದ ಕಾಟಕ್ಕೆ ದಂಗೆಯೆದ್ದಾಗ, ಅದನ್ನೇ ನೆಪ ಮಾಡಿ ಬೆಂಟಿಂಕ್ ಆಡಳಿತ ಕಿತ್ತುಕೊಂಡ. ಮಲೆನಾಡಿನ ಕಾಡು ನೆನೆದರೆ ಸಾಕು: 31. ಸರಿಯಾಗಿ ಐವತ್ತು ವರ್ಷಕ್ಕೆ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಪಟ್ಟದ ಪೂಜೆ, 81.

ಪದಗಳನ್ನು ಬರಿದೇ ಸಾಲಾಗಿ ಬರೆದರೆ ಪ್ರಯೋಜನ ಅರ್ಧವೇ. ಐದು ವರ್ಷಕ್ಕೊಂದು ಸೆಂಟಿಮೀಟರಿನಂತೆ 24 ಸೆಂಟಿಮೀಟರ್ ಗೆರೆ ಎಳೆದು ಗುರುತು ಹಾಕಬೇಕು. ಯುದ್ಧಗಳೆಲ್ಲ ಮೊದಲ ಎಂಟು ಸೆಂಟಿಮೀಟರಿನಲ್ಲೇ ಮುಗಿದು, ಬ್ರಿಟಿಷ್ ಕಮಿಷನರುಗಳ ಕಾಲ ಹತ್ತು ಸೆಂಟಿಮೀಟರ್ ಉದ್ದ ಚಾಚಿರುತ್ತದೆ. ಪಠ್ಯಪುಸ್ತಕದಲ್ಲಿ ಪುಟಗಳ ಹಂಚಿಕೆ ಇದಕ್ಕೆ ತದ್ವಿರುದ್ಧ.