ಎಂಜಿನ್ ದೀಪ: ಉರಿದರೆ ಒಂದರ್ಥ, ಮಿನುಗಿದರೆ ಇನ್ನೊಂದು

ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಒಂದೇ ಸಮನೆ ಉರಿಯುತ್ತಿದ್ದರೆ, ಎಂಜಿನ್ ಅಥವಾ ಹೊಗೆ ನಿಯಂತ್ರಣ ವ್ಯವಸ್ಥೆಯಲ್ಲಿ ಕಂಪ್ಯೂಟರ್ ದೋಷವೊಂದನ್ನು ದಾಖಲಿಸಿದೆ ಎಂದರ್ಥ. ಆಕ್ಸಿಜನ್ ಸೆನ್ಸರ್ ಕೆಟ್ಟಿರಬಹುದು. ಓಟದಲ್ಲಿ ವ್ಯತ್ಯಾಸವಿಲ್ಲದಿದ್ದರೆ, ಕೆಂಪು ದೀಪಗಳೂ ಉರಿಯದಿದ್ದರೆ, ಹದವಾಗಿ ಓಡಿಸಿಕೊಂಡು ಹೋಗಿ ಬೇಗನೆ ಗ್ಯಾರೇಜಿನಲ್ಲಿ ತೋರಿಸಬೇಕು.

ಪೆಟ್ರೋಲ್ ಕಾರಿನಲ್ಲಿ ದೀಪ ಮಿನುಗಿದರೆ ಸಾಮಾನ್ಯವಾಗಿ ಅದು ಮಿಸ್‌ಫೈರ್‌ನ ಸೂಚನೆ. ಇಗ್ನಿಷನ್ ಕಾಯಿಲ್ ಕೆಟ್ಟು ಒಂದು ಸಿಲಿಂಡರಿನಲ್ಲಿ ಕಿಡಿ ಹಾರದಿದ್ದರೆ ಎಂಜಿನ್ ನಡುಗುತ್ತದೆ, ಎಳೆತ ಕುಗ್ಗುತ್ತದೆ. ಅಲ್ಲಿ ಉರಿಯದೆ ಉಳಿದ ಪೆಟ್ರೋಲ್ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಉರಿದು, ಅದರೊಳಗಿನ ಜೇನುಗೂಡಿನಂಥ ತಿರುಳನ್ನೇ ಕರಗಿಸಬಲ್ಲದು. ಆದ್ದರಿಂದ ತಕ್ಷಣ ಆಕ್ಸಿಲರೇಟರ್ ಸಡಿಲಿಸಿ, ಸುರಕ್ಷಿತ ಜಾಗದಲ್ಲಿ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಕಾದ ಕನ್ವರ್ಟರ್‌ನಿಂದ ಬೆಂಕಿ ಹತ್ತಬಹುದಾದ್ದರಿಂದ ಒಣಹುಲ್ಲಿನ ಮೇಲೆ ನಿಲ್ಲಿಸಬಾರದು. ಮತ್ತೆ ಸ್ಟಾರ್ಟ್ ಮಾಡಿದಾಗಲೂ ದೀಪ ಮಿನುಗಿದರೆ ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.