ತಾರಸಿಯ ಮೇಲೆ ಎಷ್ಟು ಭಾರ? ಬರೆದಿಟ್ಟ ಪುಟಗಳ ಕಥೆ

1995ರ ಜೂನ್ 29ರ ಸಂಜೆ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಸಾಂಪುಂಗ್ ಎಂಬ ಐದಂತಸ್ತಿನ ಮಳಿಗೆ ಕುಸಿದು 502 ಜನ ಸತ್ತರು. ಭೂಮಿ ನಡುಗಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ. ಮೊದಲ ಯೋಜನೆಯಲ್ಲಿ ಐದನೆಯ ಅಂತಸ್ತೇ ಇರಲಿಲ್ಲ. ಆಮೇಲೆ ಅದನ್ನು ಸೇರಿಸಿ, ಅಲ್ಲಿ ಹೋಟೆಲುಗಳನ್ನು ತೆರೆದರು; ನೆಲ ಬೆಚ್ಚಗಿರಲೆಂದು ಇನ್ನೊಂದು ಪದರ ಕಾಂಕ್ರೀಟ್ ಹಾಕಿದರು. ತಾರಸಿಯ ಮೇಲೆ ಹವಾನಿಯಂತ್ರಣದ ದೊಡ್ಡ ಯಂತ್ರಗಳು ಕೂತವು. ಕಾಲಂಗಳೋ ಇರಬೇಕಾದುದಕ್ಕಿಂತ ತೆಳ್ಳಗಿದ್ದವು. ಲೆಕ್ಕ ಹಾಕಿದ್ದು ಒಂದು ಕಟ್ಟಡಕ್ಕೆ, ಜನ ಓಡಾಡಿದ್ದು ಇನ್ನೊಂದರಲ್ಲಿ.

ಹೀಗಾಗದಂತೆ ನೋಡಿಕೊಳ್ಳುವ ದಾಖಲೆಯೊಂದಿದೆ. ಎಂಜಿನಿಯರುಗಳು ಅದನ್ನು ಡಿಸೈನ್ ಬೇಸಿಸ್ ರಿಪೋರ್ಟ್, ಚಿಕ್ಕದಾಗಿ ಡಿಬಿಆರ್ ಎನ್ನುತ್ತಾರೆ. ಬೀಮು, ಕಾಲಮ್ಮುಗಳ ನಕ್ಷೆ ಬರೆಯುವ ಮೊದಲೇ ಸ್ಟ್ರಕ್ಚರಲ್ ಎಂಜಿನಿಯರ್ ಇದನ್ನು ಸಿದ್ಧಪಡಿಸಿ, ಮಾಲೀಕರ ಮತ್ತು ಆರ್ಕಿಟೆಕ್ಟರ ಒಪ್ಪಿಗೆ ಪಡೆಯಬೇಕು. ಯಾವ ಸಂಹಿತೆಗಳನ್ನು ಅನುಸರಿಸಿದೆ, ಯಾವ ಜಾಗಕ್ಕೆ ಎಷ್ಟು ಭಾರ ಹಿಡಿದಿದೆ, ಕಾಂಕ್ರೀಟು ಮತ್ತು ಕಬ್ಬಿಣದ ಬಲ ಎಷ್ಟು, ಏನನ್ನು ಊಹಿಸಿಕೊಂಡಿದೆ ಎಂಬುದೆಲ್ಲ ಅದರಲ್ಲಿರುತ್ತದೆ.

ಬೆಂಗಳೂರಿನಲ್ಲಿ ಹತ್ತು ಅಂತಸ್ತಿನ ಒಂದು ಅಪಾರ್ಟ್‌ಮೆಂಟ್ ಏಳಲಿದೆ ಎಂದುಕೊಳ್ಳೋಣ. ಜನ, ಸಾಮಾನುಗಳ ಭಾರಕ್ಕೆ ಐಎಸ್ 875ರ ಎರಡನೆಯ ಭಾಗವೇ ಆಧಾರ. ಅದರ ಪ್ರಕಾರ ಕೋಣೆಗಳಿಗೆ ಚದರ ಮೀಟರಿಗೆ ಸುಮಾರು 200 ಕಿಲೋ, ಮೆಟ್ಟಿಲು ಮತ್ತು ಬಾಲ್ಕನಿಗೆ 300, ಜನ ಹತ್ತಿ ಓಡಾಡುವ ತಾರಸಿಗೆ 150. ಐದು ವರ್ಷದ ಮೇಲೆ ನಿವಾಸಿಗಳು ತಾರಸಿಯಲ್ಲಿ ಹುಲ್ಲುಹಾಸು ಬೇಕೆಂದು ಒಂದೂವರೆ ಅಡಿ ಮಣ್ಣು ತುಂಬಿಸಿದರೆ? ಮಳೆಯಲ್ಲಿ ನೆನೆದ ಆ ಮಣ್ಣು ಚದರ ಮೀಟರಿಗೆ 800 ಕಿಲೋ ತೂಗುತ್ತದೆ. ಲೆಕ್ಕದ ಐದು ಪಟ್ಟಿಗೂ ಮೀರಿತು.

ಗೋಡೆಯ ವಿಷಯ ಇನ್ನೂ ಸೂಕ್ಷ್ಮ. ಎಂಟು ಇಂಚು ದಪ್ಪ, ಎರಡೂವರೆ ಮೀಟರ್ ಎತ್ತರದ ಗೋಡೆಯನ್ನು ಹಗುರವಾದ ಎಎಸಿ ಬ್ಲಾಕಿನಲ್ಲಿ ಕಟ್ಟಿದರೆ, ಒಂದು ಮೀಟರ್ ಉದ್ದಕ್ಕೆ ಸುಮಾರು 350 ಕಿಲೋ. ಸಾಲಿಡ್ ಕಾಂಕ್ರೀಟ್ ಬ್ಲಾಕಿನಲ್ಲಾದರೆ ಒಂದು ಟನ್ನು. ವರದಿಯಲ್ಲಿ ಎಎಸಿ ಎಂದಿದ್ದು, ಮಾರುಕಟ್ಟೆಯಲ್ಲಿ ಸಿಗಲಿಲ್ಲವೆಂದು ಗುತ್ತಿಗೆದಾರ ಸಾಲಿಡ್ ಬ್ಲಾಕ್ ಹಾಕಿದರೆ, ಅಂತಸ್ತಿಗೆ ನೂರು ಮೀಟರ್ ಗೋಡೆ ಎಂದಿಟ್ಟುಕೊಂಡರೂ 65 ಟನ್ ಹೆಚ್ಚುತ್ತದೆ. ಹತ್ತು ಅಂತಸ್ತಿಗೆ 650 ಟನ್. ಹೊರಗಿನಿಂದ ನೋಡಿದರೆ ಗಾರೆ ಬಳಿದ ಗೋಡೆ ಎರಡೂ ಒಂದೇ. ಬೀಮು ಬಾಗಿ ಗೋಡೆಯಲ್ಲಿ ಬಿರುಕು ಬಿಟ್ಟಾಗ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿದಾಗ ಮಾತ್ರ ವ್ಯತ್ಯಾಸ ಬಯಲಾಗುತ್ತದೆ. ಕಟ್ಟಡ ಭಾರವಾದಷ್ಟೂ ಭೂಕಂಪದಲ್ಲಿ ಅದನ್ನು ಅಲ್ಲಾಡಿಸುವ ಬಲವೂ ಹೆಚ್ಚುವುದರಿಂದ, ಈ ತಪ್ಪಿಗೆ ಬೆಲೆ ಎರಡು ಕಡೆ ತೆರಬೇಕು.

ಭೂಕಂಪದ ಪುಟದಲ್ಲಿ ಸಂಹಿತೆಯ ಹೆಸರಷ್ಟೇ ಸಾಲದು, ವರ್ಷವೂ ಬೇಕು. ಐಎಸ್ 1893ರ 2002ರ ಆವೃತ್ತಿ ಸಾಮಾನ್ಯ ವಸತಿ ಕಟ್ಟಡಕ್ಕೆ ಪ್ರಾಮುಖ್ಯದ ಗುಣಕ 1 ಎಂದಿತ್ತು. 2016ರ ಆವೃತ್ತಿ ಇನ್ನೂರಕ್ಕಿಂತ ಹೆಚ್ಚು ಜನರಿರುವ ವಸತಿ ಕಟ್ಟಡಕ್ಕೆ ಅದನ್ನು 1.2ಕ್ಕೆ ಏರಿಸಿತು. ಹಳೆಯ ವರದಿಯನ್ನೇ ನಕಲು ಮಾಡಿ ಹೆಸರು ಬದಲಿಸಿದವರು ಆರರಲ್ಲೊಂದು ಪಾಲು ಬಲವನ್ನು ಕೈಬಿಟ್ಟಂತೆ. ಮಂಗಳೂರಿನ ಕಟ್ಟಡಕ್ಕೆ ಬೆಂಗಳೂರಿನ ಪುಟ ಅಂಟಿಸುವುದು ಇನ್ನೂ ಕೆಟ್ಟದ್ದು: 2016ರ ನಕ್ಷೆಯಲ್ಲಿ ಬೆಂಗಳೂರು ಎರಡನೆಯ ವಲಯ, ಮಂಗಳೂರು ಮೂರನೆಯದು, ಗಾಳಿಯ ಮೂಲವೇಗವೂ ಇಲ್ಲಿ ಸೆಕೆಂಡಿಗೆ 33 ಮೀಟರ್, ಅಲ್ಲಿ 39.

ಅದೇ ಪುಟದಲ್ಲಿ 5 ಎಂಬ ಅಂಕಿಯೊಂದು ಕಾಣಬಹುದು. ಕಾಲಮ್ಮು, ಬೀಮುಗಳು ತುಂಡಾಗದೆ ಬಾಗಿ, ಬಳುಕಿ ಅಲುಗಾಟವನ್ನು ನುಂಗಿಕೊಳ್ಳುತ್ತವೆ ಎಂಬ ನಂಬಿಕೆಯ ಮೇಲೆ ಎಂಜಿನಿಯರ್ ಭೂಕಂಪದ ಬಲವನ್ನು ಆ ಅಂಕಿಯಿಂದ ಭಾಗಿಸಿರುತ್ತಾರೆ. ಆ ನಂಬಿಕೆ ನಿಜವಾಗುವುದು ಸೈಟಿನಲ್ಲಿ. ಐಎಸ್ 13920 ಹೇಳುವಂತೆ ಕಾಲಮ್ಮಿನ ಎರಡೂ ತುದಿಗಳಲ್ಲಿ ರಿಂಗುಗಳು ಒತ್ತೊತ್ತಾಗಿರಬೇಕು, ಅವುಗಳ ಕೊಕ್ಕೆ 135 ಡಿಗ್ರಿ ಬಾಗಿ ಕಾಂಕ್ರೀಟಿನ ಒಳಕ್ಕೆ ಹೊಗಬೇಕು. ಕಂಬಿ ಬಾಗಿಸುವವರು ಸುಲಭವೆಂದು 90 ಡಿಗ್ರಿಗೇ ನಿಲ್ಲಿಸಿದರೆ, ಹೊರಪದರ ಉದುರಿದೊಡನೆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಮಾಮೂಲಿ ರೀತಿಯ ಕಟ್ಟಡಕ್ಕೆ ಭಾಗಿಸುವ ಅಂಕಿ 3 ಮಾತ್ರ. 5 ಎಂದು ಬರೆದು 3ರಂತೆ ಕಟ್ಟಿದ ಕಟ್ಟಡ ಬಲಹೀನ ಕಟ್ಟಡವೇ. ಕಾಂಕ್ರೀಟ್ ಸುರಿಯುವ ಮುಂಚೆ ಹೋಗಿ ನೋಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ. ಸುರಿದ ಮೇಲೆ ಯಾರಿಗೂ ಕಾಣದು.

ಇಂಥ ವರದಿಗಳು ಬಹುಮಟ್ಟಿಗೆ ಬಿಲ್ಡರರ ಕಚೇರಿಯಲ್ಲೇ ಉಳಿದುಬಿಡುತ್ತವೆ. ಕಟ್ಟಡ ಸಂಘದ ಕೈಗೆ ಬರುವ ದಿನ ನಕ್ಷೆಗಳ ಜೊತೆ ಡಿಬಿಆರ್ ಪ್ರತಿಯನ್ನೂ ಕೇಳಿ ಪಡೆಯಿರಿ. ತಾರಸಿಗೆ ಮಣ್ಣನ್ನೋ ನೀರಿನ ಹೊಸ ಟ್ಯಾಂಕನ್ನೋ ಏರಿಸುವ ಮುನ್ನ, ಭಾರದ ಪಟ್ಟಿ ಇರುವ ಪುಟವನ್ನು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ.