ಮೂರು ಸೆಕೆಂಡಿನಲ್ಲಿ ನೀರುದೋಸೆ

ಉಡುಪಿಯ ನಮ್ಮ ಅತ್ತಿಗೆ ನೀರುದೋಸೆಯ ಶಾರ್ಟ್ಸ್ ಹಾಕಿದ್ರು. ನಲವತ್ತು ಸೆಕೆಂಡಿನ ವಿಡಿಯೊ. ಮೊದಲ ಎರಡು ಸೆಕೆಂಡು ತಿರುಗುವ ಲೋಗೊ, ಆಮೇಲೆ ‘ಎಲ್ಲರಿಗೂ ನಮಸ್ಕಾರ, ನನ್ನ ಚಾನೆಲ್‌ಗೆ ಸ್ವಾಗತ’, ನಂತರ ಅಕ್ಕಿ ನೆನೆಸುವುದು. ಕಾವಲಿಯಿಂದ ದೋಸೆ ಏಳುವುದು ಮೂವತ್ತೊಂದನೇ ಸೆಕೆಂಡಿಗೆ. ಅಷ್ಟು ಹೊತ್ತು ಕಾದವರು ಬಹುಶಃ ನಾನು, ಅಣ್ಣ ಇಬ್ಬರೇ!

ಸಾಮಾನ್ಯ ಯೂಟ್ಯೂಬ್ ವಿಡಿಯೊವನ್ನು ನಾವು ಶೀರ್ಷಿಕೆ, ಚಿತ್ರ ನೋಡಿ ಒತ್ತುತ್ತೇವೆ. ಅಂದರೆ ನೋಡುವ ಮನಸ್ಸು ಮೊದಲೇ ಆಗಿರುತ್ತದೆ. ಶಾರ್ಟ್ಸ್, ರೀಲ್ಸ್ ಹಾಗಲ್ಲ. ಕೇಳದೇ ಬಂದು ತಾನೇ ಓಡುತ್ತವೆ, ನಮ್ಮ ಹೆಬ್ಬೆರಳು ಆಗಲೇ ಗಾಜಿನ ಮೇಲಿರುತ್ತದೆ. ಹಾಗಾಗಿ ಶೀರ್ಷಿಕೆ ಮಾಡಬೇಕಾದ ಕೆಲಸವನ್ನೂ ಮೊದಲ ದೃಶ್ಯವೇ ಮಾಡಬೇಕು. ಮೂರು ಅನ್ನೋದೇನೂ ಮಂತ್ರಸಂಖ್ಯೆಯಲ್ಲ. ‘ಇದು ನನಗೆ ಬೇಕಾ?’ ಅಂತ ತೀರ್ಮಾನಿಸಲು ಹೆಚ್ಚೂಕಡಿಮೆ ಅಷ್ಟು ಸಾಕು.

2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಒಂದು ವ್ಯೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ವ್ಯೂ ನೋಡಿ ಹಿಗ್ಗಬೇಡಿ. ಯೂಟ್ಯೂಬ್ ಸ್ಟುಡಿಯೊದಲ್ಲಿ ಎಷ್ಟು ಮಂದಿ ನಿಂತು ನೋಡಿದರು, ಎಷ್ಟು ಮಂದಿ ಸ್ವೈಪ್ ಮಾಡಿದರು ಅಂತ ಬೇರೆ ಲೆಕ್ಕ ಇದೆ. ಜೊತೆಗೆ, ಯಾವ ಸೆಕೆಂಡಿನಲ್ಲಿ ಜನ ಬಿಟ್ಟರು ಎಂದು ತೋರಿಸುವ ಗೆರೆಯೂ ಇದೆ. ಅತ್ತಿಗೆಯ ಗೆರೆ ಶುರುವಿನಲ್ಲೇ ಜೋಗದ ಹಾಗೆ ಬಿದ್ದಿತ್ತು.

ಎರಡನೇ ಸಲ ಲೋಗೊ, ನಮಸ್ಕಾರ ಎರಡೂ ಹೋದವು. ಮೊದಲ ದೃಶ್ಯ: ಕಾವಲಿಗೆ ಅಂಟಿ ಹರಿದ ದೋಸೆ. ಅತ್ತಿಗೆಯ ದನಿ: ‘ನಿಮ್ದೂ ಹೀಗೇ ಅಂಟ್ತದಾ?’ ಬಸ್ಸಲ್ಲಿ ಸೌಂಡ್ ಇಲ್ಲದೆ ನೋಡುವವರಿಗಾಗಿ ಅದೇ ಮಾತು ದೊಡ್ಡ ಅಕ್ಷರದಲ್ಲಿ, ಪರದೆಯ ಮಧ್ಯಕ್ಕಿಂತ ಸ್ವಲ್ಪ ಮೇಲೆ. ಕೆಳಗೆ ಹಾಕಿದರೆ ಹೆಸರು, ವಿವರಣೆ ಅದನ್ನು ಮುಚ್ಚಿಬಿಡುತ್ತವೆ. ನಾಲ್ಕನೇ ಸೆಕೆಂಡಿಗೆ ಉತ್ತರ ಶುರು: ಕಾವಲಿ ಚೆನ್ನಾಗಿ ಕಾಯಬೇಕು, ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗಿರಬೇಕು. ಹುಯ್ದಾಗ ‘ಚುಂಯ್’ ಅನ್ನುವ ಸದ್ದನ್ನೂ ಹಾಗೇ ಉಳಿಸಿಕೊಂಡರು. ಈ ಸಲ ಗೆರೆ ಶುರುವಿನಲ್ಲಿ ಸ್ವಲ್ಪವೇ ಇಳಿದು, ಕೊನೆಯವರೆಗೆ ನಿಧಾನವಾಗಿ ಜಾರಿತು.

ಹುಮ್ಮಸ್ಸಿನಲ್ಲಿ ಮೂರನೇ ವಿಡಿಯೊಗೆ ‘ಈ ಗುಟ್ಟು ಯಾರೂ ಹೇಳಲ್ಲ!’ ಅಂತ ಶುರುಮಾಡಿ, ಗುಟ್ಟನ್ನು ಕೊನೆಗೆ ಇಟ್ಟರು. ಜನ ನಿಂತರು ನಿಜ, ಆದರೆ ಹತ್ತನೇ ಸೆಕೆಂಡಿಗೆ ಗೆರೆ ಮತ್ತೆ ಕುಸಿಯಿತು. ಗೆರೆ ಶುರುವಿನಲ್ಲೇ ಬಿದ್ದರೆ ಆರಂಭದ ತಪ್ಪು. ನಿಂತು ಆಮೇಲೆ ಬಿದ್ದರೆ ಆಸೆ ತೋರಿಸಿ ಕೊಡಲಿಲ್ಲ ಅಂತ.

ಕನ್ನಡ ಬಾರದವರ ಫೋನಿಗೆ ಹೋದ ವಿಡಿಯೊವನ್ನು ಮಾತ್ರ ಎಂಥ ಆರಂಭವೂ ಕಾಪಾಡಲ್ಲ. ಅತ್ತಿಗೆ ಈಗ ವಿವರಣೆಯನ್ನೂ ಕನ್ನಡದಲ್ಲೇ ಬರೀತಾರೆ. ನಮಸ್ಕಾರ ವಿಡಿಯೊದ ಕೊನೆಗೆ ಹೋಗಿದೆ.